ವ್ಯಾನ್ ಸೇವೆ ರದ್ದತಿ ಮತ್ತು ಶುಲ್ಕ ಹೊಂದಾಣಿಕೆ ಕೋರಿ ಪತ್ರ

ಮೈಸೂರು
17-10-2025

ಮುಖ್ಯೋಪಾಧ್ಯಾಯರಿಗೆ,

ಮಾನ್ಯರೇ,

ನನ್ನ ಮಗಳು ಅನನ್ಯಾ 3ನೇ ತರಗತಿ ‘ಬಿ’ ವಿಭಾಗದಲ್ಲಿ ಓದುತ್ತಿದ್ದಾಳೆ. ನಾವು ವಿಜಯನಗರದಿಂದ ಕುವೆಂಪುನಗರಕ್ಕೆ ಮನೆ ಬದಲಾಯಿಸಿದ್ದು, ಶಾಲೆ ಈಗ ನಡೆದು ಬರುವಷ್ಟು ಹತ್ತಿರವಿದೆ. ಆದ್ದರಿಂದ ನವೆಂಬರ್ 1ರಿಂದ ಅವಳ ವ್ಯಾನ್ ಸೇವೆ ರದ್ದುಪಡಿಸಬೇಕೆಂದು ಕೋರುತ್ತೇನೆ.

ತಿಂಗಳಿಗೆ ₹1,800ರಂತೆ ಡಿಸೆಂಬರ್‌ವರೆಗಿನ ಶುಲ್ಕ ಈಗಾಗಲೇ ಕಟ್ಟಿದ್ದೇವೆ. ನವೆಂಬರ್, ಡಿಸೆಂಬರ್‌ನ ₹3,600 ಅನ್ನು ಎರಡನೇ ಕಂತಿನ ಬೋಧನಾ ಶುಲ್ಕಕ್ಕೆ ಹೊಂದಿಸಿ, ರಸೀದಿ ಕೊಡಿಸಿ. ಒಂದು ತಿಂಗಳ ಮುಂಚಿತ ಸೂಚನೆಯ ನಿಯಮವಿದ್ದರೆ ಡಿಸೆಂಬರ್‌ನ ₹1,800 ಆದರೂ ಹೊಂದಿಸಿಕೊಡಿ.

ಮುಖ್ಯವಾಗಿ, ಚಾಲಕರ ಪಟ್ಟಿಯಿಂದ ಹೆಸರು ತೆಗೆಯದಿದ್ದರೆ ಸಂಜೆ ರೂಢಿಯಂತೆ ಮಗುವನ್ನು ವ್ಯಾನ್ ಹತ್ತಿಸಿಬಿಡಬಹುದು. ದಯವಿಟ್ಟು ಚಾಲಕರಿಗೂ ತರಗತಿ ಶಿಕ್ಷಕಿಗೂ ತಿಳಿಸಿ. ಸಂಜೆ ಗೇಟಿನ ಬಳಿ ಅವಳ ಅಜ್ಜಿ ಕರೆದೊಯ್ಯುತ್ತಾರೆ. ಅವರ ಫೋಟೊ, ಹೊಸ ವಿಳಾಸದ ಪುರಾವೆ, ಶುಲ್ಕದ ರಸೀದಿಯ ನಕಲು ಲಗತ್ತಿಸಿದ್ದೇನೆ. ವ್ಯಾನ್ ಪಾಸನ್ನು ಅಕ್ಟೋಬರ್ 31ರಂದು ಕಚೇರಿಗೆ ಒಪ್ಪಿಸುತ್ತೇನೆ.

ವಂದನೆಗಳೊಂದಿಗೆ,
ಸವಿತಾ
(ಅನನ್ಯಾಳ ತಾಯಿ)