ಬ್ಯಾಟರಿ ಸಾಫ್ಟ್‌ವೇರ್ ಲೀಡ್ ಹುದ್ದೆ: ಈಗ ಬೇಡ, ಆದರೆ ಸಂಪರ್ಕ ಇರಲಿ

ನಮಸ್ಕಾರ ಮೇಡಂ,

ಮೆಸೇಜ್ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ಈ ಹುದ್ದೆಗೆ ನಾನು ಬರುವುದಿಲ್ಲ. ಈಗಿನ ಕೆಲಸದಲ್ಲಿ ಖುಷಿಯಾಗಿದ್ದೇನೆ, ಬಿಡುವ ಯೋಚನೆ ಇಲ್ಲ. ನಿಮ್ಮ ಶೀಟ್‌ನಲ್ಲಿ ನನ್ನ ಹೆಸರಿನ ಮುಂದೆ ಏನು ಬರೆದುಕೊಳ್ಳಬೇಕೋ ಬರೆದುಕೊಳ್ಳಿ. ಉಳಿದದ್ದನ್ನು ಪುರುಸೊತ್ತಾದಾಗ ಓದಿದರೂ ಸಾಕು.

ಇಂಥ ಮೆಸೇಜುಗಳಿಗೆ ನಾನು ಸಾಮಾನ್ಯವಾಗಿ ಎರಡು ಸಾಲು ಬರೆದು ಮುಗಿಸುತ್ತೇನೆ. ಹೆಚ್ಚಿನವು ‘ನಿಮ್ಮ ಪ್ರೊಫೈಲ್ ನೋಡಿ ತುಂಬಾ ಇಂಪ್ರೆಸ್ ಆದೆ’ ಅಂತ ಶುರುವಾಗುತ್ತವೆ, ಕೆಳಗೆ ನೋಡಿದರೆ ವೆಬ್ ಡೆವಲಪರ್ ಕೆಲಸ ಇರುತ್ತದೆ. ನಾನು ಫರ್ಮ್‌ವೇರ್ ಬರೆಯುವ ಆಸಾಮಿ, ಬ್ರೌಸರ್‌ಗೂ ನನಗೂ ಎಣ್ಣೆ ಸೀಗೇಕಾಯಿ. ನೀವು ಹಾಗೆ ಮಾಡಿಲ್ಲ. ಕೋಡ್ ಆಗಾಗ ಕಿಕ್, ಅಂದರೆ ‘ನಾನಿದ್ದೇನೆ’ ಅನ್ನುವ ಸಂಕೇತ, ಕೊಡದಿದ್ದರೆ ಚಿಪ್ಪನ್ನು ರೀಸೆಟ್ ಮಾಡುವ ವಾಚ್‌ಡಾಗ್ ಟೈಮರ್ ಬಗ್ಗೆ ನಾನು ಬರೆದ ಪೋಸ್ಟ್ ನಿಜಕ್ಕೂ ಓದಿ, ಕಿಕ್ ತಡವಾದರೆ ರೀಸೆಟ್ ಆಗುವುದು ಸರಿ, ಬೇಗ ಕೊಟ್ಟರೂ ಯಾಕೆ ರೀಸೆಟ್ ಆಗಬೇಕು ಅಂತ ಕೇಳಿದ್ದೀರಿ. ಒಳ್ಳೆ ಪ್ರಶ್ನೆ. ಕೋಡ್ ಎಲ್ಲೋ ಒಂದು ಸಣ್ಣ ಲೂಪಿನಲ್ಲಿ ಸಿಕ್ಕಿಕೊಂಡು, ಅದೇ ಲೂಪಿನೊಳಗೆ ವಾಚ್‌ಡಾಗ್‌ಗೆ ಕಿಕ್ ಕೊಡುವ ಸಾಲೂ ಇದ್ದುಬಿಟ್ಟರೆ, ಸಾಮಾನ್ಯ ವಾಚ್‌ಡಾಗ್ ಎಲ್ಲ ಚೆನ್ನಾಗಿದೆ ಅಂತಲೇ ಅಂದುಕೊಳ್ಳುತ್ತದೆ. ವಿಂಡೋ ವಾಚ್‌ಡಾಗ್ ಇದನ್ನು ಹಿಡಿಯುತ್ತದೆ, ಇಷ್ಟು ಬೇಗ ಯಾಕೆ ಬಂದೆ ಅಂತ ಕೇಳಿ ರೀಸೆಟ್ ಮಾಡುತ್ತದೆ. ಇಷ್ಟೇ ವಿಷಯ. ಓದಿ ಪ್ರಶ್ನೆ ಕೇಳಿದವರಿಗೆ ‘ಥ್ಯಾಂಕ್ಸ್, ನಾಟ್ ಇಂಟರೆಸ್ಟೆಡ್’ ಅಂತ ಕಳಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ, ಅದಕ್ಕೇ ಉದ್ದ ಉತ್ತರ.

ಯಾಕೆ ಬರುವುದಿಲ್ಲ ಅಂದರೆ, ಕೈಯಲ್ಲಿರುವ ಕೆಲಸ ಅರ್ಧದಲ್ಲಿದೆ ಮತ್ತು ಅದು ಮುಗಿಯುವುದನ್ನು ನಾನೇ ನೋಡಬೇಕು. ಇನ್ಫ್ಯೂಷನ್ ಪಂಪ್ ನಿಮಗೆ ಗೊತ್ತಿರುತ್ತದೆ, ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ನಿಂತು ಔಷಧಿಯನ್ನು ಅಳತೆ ಪ್ರಕಾರ ರಕ್ತನಾಳಕ್ಕೆ ಬಿಡುವ ಯಂತ್ರ. ಅದರಲ್ಲಿ ಟ್ಯೂಬ್ ಎಲ್ಲಾದರೂ ಮಡಚಿಕೊಂಡರೆ ಅಥವಾ ಕ್ಲ್ಯಾಂಪ್ ತೆಗೆಯಲು ಮರೆತರೆ ಕೂಗಬೇಕಾದ ಅಲಾರಂ ನನ್ನ ಪಾಲಿನದು. ಕೇಳಲು ಸುಲಭ ಅನ್ನಿಸುತ್ತದೆ ಅಲ್ವಾ? ಒತ್ತಡ ಜಾಸ್ತಿ ಆದರೆ ಕೂಗು ಅಂತ ಒಂದು ಸಾಲು ಬರೆದರೆ ಆಯಿತು. ಗಂಟೆಗೆ 100 ಮಿ.ಲೀ. ಹರಿಯುತ್ತಿದ್ದರೆ ಹಾಗೇ ಆಗುತ್ತದೆ, ಲೈನ್ ಮುಚ್ಚಿದ ಕೂಡಲೇ ಒತ್ತಡ ಏರುತ್ತದೆ, ಅಲಾರಂ ಕೂಗುತ್ತದೆ. ಆದರೆ ಗಂಟೆಗೆ ಒಂದೇ ಮಿ.ಲೀ. ಬಿಡುವಾಗ ಪಂಪ್ ತಳ್ಳುವುದೇ ಅಷ್ಟು ನಿಧಾನ, ಟ್ಯೂಬ್ ಬೇರೆ ಸ್ವಲ್ಪ ಸ್ವಲ್ಪವೇ ಹಿಗ್ಗುತ್ತದೆ, ಒತ್ತಡ ಮಿತಿ ಮುಟ್ಟಲು ಅರ್ಧ ಗಂಟೆ ಮೀರಿದರೂ ಆಶ್ಚರ್ಯವಿಲ್ಲ. ಅಷ್ಟು ಹೊತ್ತೂ ರೋಗಿಗೆ ಔಷಧಿ ಹೋಗುತ್ತಿಲ್ಲ, ಪರದೆ ಮೇಲೆ ಮಾತ್ರ ಎಲ್ಲ ಸರಿಯಿದೆ. ಮಿತಿ ಇಳಿಸೋಣ ಅಂದರೆ ರೋಗಿ ಕೈ ಮಡಚಿದರೂ ಅಲಾರಂ, ಕೆಮ್ಮಿದರೂ ಅಲಾರಂ, ಕೊನೆಗೆ ನರ್ಸ್ ಆ ಸದ್ದನ್ನೇ ಕಿವಿಗೆ ಹಾಕಿಕೊಳ್ಳುವುದು ಬಿಡುತ್ತಾರೆ. ಇನ್ನೊಂದು ತಲೆನೋವು ಇದೆ. ಅಡ್ಡಿ ತೆಗೆದ ತಕ್ಷಣ, ಲೈನಿನಲ್ಲಿ ಕೂಡಿಕೊಂಡ ಔಷಧಿ ಒಮ್ಮೆಲೇ ಒಳಗೆ ನುಗ್ಗುತ್ತದೆ. ಹೃದಯದ ಔಷಧಿಯಾದರೆ ಅದು ಹುಡುಗಾಟವಲ್ಲ. ಹಾಗಾಗಿ ಅಲಾರಂ ಕೊಟ್ಟರೆ ಸಾಲದು, ಮೋಟಾರನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ ಒತ್ತಡ ಇಳಿಸಲೂ ಬೇಕು.

ಇದೆಲ್ಲ ಕಂಪನಿ ಗುಟ್ಟೇನಲ್ಲ, ಈ ಕ್ಷೇತ್ರದಲ್ಲಿರುವ ಎಲ್ಲರಿಗೂ ಗೊತ್ತಿರುವುದೇ. ನಮ್ಮ ಟೀಮ್ ಇದನ್ನು ಹೇಗೆ ಬಿಡಿಸುತ್ತಿದೆ ಅನ್ನುವುದು ಮಾತ್ರ ಗುಟ್ಟು, ಅದನ್ನು ಹೇಳುವುದಿಲ್ಲ. ಬೆಂಚಿನ ಮೇಲೆ ಪಂಪ್ ಇಟ್ಟು, ಟ್ಯೂಬಿಗೆ ಕ್ಲ್ಯಾಂಪ್ ಹಾಕಿ, ಒತ್ತಡದ ಗೆರೆ ಮೆಲ್ಲಗೆ ಏರುವುದನ್ನು ನೋಡುತ್ತಾ ಕೂರುವುದು ನನಗೆ ಇಷ್ಟ. ಬೇರೆಯವರಿಗೆ ಬೋರ್ ಅನ್ನಿಸಬಹುದು. ವೈದ್ಯಕೀಯ ಸಾಫ್ಟ್‌ವೇರ್‌ನ ಮಾನದಂಡವಾದ ಐಇಸಿ 62304 ಪ್ರಕಾರ ಇದು ಕ್ಲಾಸ್ ಸಿ ಸಾಫ್ಟ್‌ವೇರ್, ಅಂದರೆ ಎಡವಟ್ಟಾದರೆ ಜೀವಕ್ಕೇ ಅಪಾಯ ಆಗಬಹುದಾದ ವರ್ಗ. ಡಾಕ್ಯುಮೆಂಟೇಶನ್ ಕಾಟ ಇದ್ದೇ ಇದೆ. ಆದರೂ ಮ್ಯಾನೇಜರ್ ಒಳ್ಳೆಯವರು, ರಿವ್ಯೂನಲ್ಲಿ ಜಗಳ ಕೋಡಿನ ಬಗ್ಗೆ ಮಾತ್ರ ಆಗುತ್ತದೆ, ರಿಲೀಸ್ ಡೇಟ್ ಹತ್ತಿರ ಬಂತು ಅಂತ ಟೆಸ್ಟ್ ಬಿಟ್ಟುಬಿಡಿ ಎಂದು ಯಾರೂ ಹೇಳುವುದಿಲ್ಲ. ಇಂಥ ಜಾಗ ಸುಮ್ನೆ ಸಿಗುವುದಿಲ್ಲ.

ದುಡ್ಡಿನ ವಿಷಯ. ಪ್ಯಾಕೇಜ್ ‘ತುಂಬಾ ಆಕರ್ಷಕ’ ಅಂತ ಬರೆದಿದ್ದೀರಿ, ಅಂಕಿ ಹಾಕಿಲ್ಲ. ಈಗ ಬರುತ್ತಿರುವುದಕ್ಕಿಂತ ಜಾಸ್ತಿಯೇ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೋಸ್ಕರ ಈಗ ಎದ್ದು ಬರುವುದಿಲ್ಲ, ಮತ್ತು ನಿಮ್ಮ ಆಫರ್ ಲೆಟರ್ ಹಿಡಿದುಕೊಂಡು ಇಲ್ಲಿ ಸಂಬಳ ಏರಿಸಿಕೊಳ್ಳುವ ಆಟವನ್ನೂ ಆಡುವುದಿಲ್ಲ. ಅದರಿಂದ ನಿಮ್ಮ ಟೈಮೂ ಹಾಳು, ಇಂಟರ್ವ್ಯೂ ಮಾಡಿದವರ ಟೈಮೂ ಹಾಳು. ‘ಒಂದು ಹತ್ತು ನಿಮಿಷ ಕಾಲ್ ಮಾಡೋಣ, ಮಾತಾಡಿ ನೋಡೋಣ’ ಅಂದಿದ್ದೀರಿ. ಈ ಹುದ್ದೆ ಬಗ್ಗೆ ಆದರೆ ಬೇಡ. ಮಾತಾಡಿದರೆ ಮನಸ್ಸು ಬದಲಾಗಬಹುದು ಅನ್ನುವ ಲೆಕ್ಕಾಚಾರ ಇದ್ದರೆ, ಬದಲಾಗುವುದಿಲ್ಲ.

ಹಾಗಂತ ಬಾಗಿಲು ಹಾಕಿಕೊಂಡಿಲ್ಲ. ಈ ಪಂಪ್ ಅನುಮೋದನೆ ಪಡೆದು ಮಾರುಕಟ್ಟೆಗೆ ಹೋಗುವವರೆಗೆ ನಾನು ಕದಲುವುದಿಲ್ಲ. ಅದಕ್ಕೆ ಇನ್ನೂ ಒಂದು, ಒಂದೂವರೆ ವರ್ಷ ಹಿಡಿಯಬಹುದು. ಆಮೇಲೆ ಒಮ್ಮೆ ಮೆಸೇಜ್ ಹಾಕಿ, ಖಂಡಿತ ಉತ್ತರ ಕೊಡುತ್ತೇನೆ. ನಡುವೆ ಆರು ತಿಂಗಳಿಗೊಮ್ಮೆ ‘ಹೇಗಿದ್ದೀರಿ, ಏನಾದರೂ ಬದಲಾಯಿತಾ’ ಅಂತ ಒಂದು ಸಾಲು ಕಳಿಸಿದರೂ ಬೇಜಾರಿಲ್ಲ. ವಾರಕ್ಕೊಂದು ‘ಜಸ್ಟ್ ಫಾಲೋಯಿಂಗ್ ಅಪ್’ ಮಾತ್ರ ಬೇಡ. ನನ್ನ ಕಿವಿ ನೆಟ್ಟಗಾಗುವುದು ಎಂಥ ಕೆಲಸಕ್ಕೆ ಅಂತ ಹೇಳಿಬಿಟ್ಟರೆ ನಿಮಗೂ ಅನುಕೂಲ: ವೈದ್ಯಕೀಯ ಸಾಧನ, ಡಯಾಲಿಸಿಸ್ ಅಥವಾ ವೆಂಟಿಲೇಟರ್ ಆದರೆ ಇನ್ನೂ ಒಳ್ಳೆಯದು, ಹಾರ್ಡ್‌ವೇರ್ ಟೀಮ್ ಪಕ್ಕದಲ್ಲೇ ಕೂತಿರಬೇಕು, ಮತ್ತು ನಾನೂ ಕೋಡ್ ಬರೆಯುವಂತಿರಬೇಕು. ಇಡೀ ದಿನ ಮೀಟಿಂಗ್ ಮಾಡುವ ಲೀಡ್ ಹುದ್ದೆಯನ್ನು ಎಷ್ಟೇ ದೊಡ್ಡ ಟೈಟಲ್ ಹಚ್ಚಿ ಕೊಟ್ಟರೂ ಒಲ್ಲೆ. ಗಾಡಿ ಬ್ಯಾಟರಿ ಕೆಲಸವನ್ನು ನಾನು ಕೀಳಾಗಿ ನೋಡುತ್ತಿಲ್ಲ, ಗಾಡಿಗಳ ಸುರಕ್ಷತಾ ಮಾನದಂಡ ಐಎಸ್‌ಒ 26262 ಕಲಿಯಲು ಹೆದರಿಕೆಯೂ ಇಲ್ಲ. ನನ್ನ ಮನಸ್ಸು ಆ ಕಡೆ ಇಲ್ಲ, ಅಷ್ಟೇ.

ಕೇಳದಿದ್ದರೂ ಒಂದು ಮಾತು ಹೇಳುತ್ತೇನೆ. ನೀವು ಕಳಿಸಿದ ಜಾಬ್ ಡಿಸ್ಕ್ರಿಪ್ಷನ್‌ನಲ್ಲಿ ‘ಸೇಫ್ಟಿ ಸರ್ಟಿಫೈಡ್ ಪ್ರಾಡಕ್ಟ್‌ನಲ್ಲಿ 8 ವರ್ಷ ರಸ್ಟ್ ಅನುಭವ’ ಅಂತ ಇದೆ. ಅದನ್ನು ದಯವಿಟ್ಟು ಬದಲಾಯಿಸಲು ಹೇಳಿ. ರಸ್ಟ್ ಭಾಷೆಯ 1.0 ಆವೃತ್ತಿ ಬಂದಿದ್ದೇ 2015ರಲ್ಲಿ. ಫೆರೋಸೀನ್ ಅನ್ನುವ ರಸ್ಟ್ ಕಂಪೈಲರ್‌ಗೆ ಐಎಸ್‌ಒ 26262 ಪ್ರಕಾರ ಅರ್ಹತೆ ಸಿಕ್ಕಿದ್ದು 2023ರಲ್ಲಿ. ಹಾಗಿರುವಾಗ ಎಂಟು ವರ್ಷದ ಅನುಭವ ಯಾರ ಹತ್ತಿರ ಇರುತ್ತದೆ? ಇದನ್ನು ಓದಿದ ಒಳ್ಳೆ ಎಂಜಿನಿಯರ್, ಇವರಿಗೇ ಏನು ಬೇಕು ಅಂತ ಗೊತ್ತಿಲ್ಲ ಅಂದುಕೊಂಡು ಟ್ಯಾಬ್ ಮುಚ್ಚುತ್ತಾರೆ, ಅರ್ಜಿ ಹಾಕುವವರು ಸುಳ್ಳು ಬರೆಯುವವರು ಮಾತ್ರ. ಕೆಲಸದ ವಿವರ ನೋಡಿದರೆ ಅಲ್ಲಿ ನಿಜಕ್ಕೂ ಬೇಕಿರುವುದು ಸಿ ಚೆನ್ನಾಗಿ ಗೊತ್ತಿರುವ, ಗಾಡಿ ಸಾಫ್ಟ್‌ವೇರ್‌ನ ಚೌಕಟ್ಟಾದ ಆಟೋಸಾರ್ ಕ್ಲಾಸಿಕ್‌ನಲ್ಲಿ ಕೈ ಪಳಗಿರುವ, ರಸ್ಟ್ ಕಲಿಯಲು ಸಿದ್ಧ ಇರುವವರು. ಹಾಗೇ ಬರೆದರೆ ಆಯಿತು. ಸಂಬಳದ ರೇಂಜ್ ಕೂಡ ಮೊದಲ ಮೆಸೇಜಿನಲ್ಲೇ ಹಾಕಿ, ಅರ್ಧ ಜನರ ಜೊತೆ ಹಿಂದೆ ಮುಂದೆ ಓಡಾಡುವುದು ತಪ್ಪುತ್ತದೆ. ನಿಮ್ಮ ಕ್ಲೈಂಟ್ ಒಪ್ಪುತ್ತಾರೋ ಇಲ್ಲವೋ, ಕೇಳಿ ನೋಡಿ.

ಇನ್ನು ಬೇರೆ ಯಾರಾದರೂ ಇದ್ದಾರಾ ಅಂತ ಕೇಳಿದ್ದೀರಿ. ಒಬ್ಬರು ಇದ್ದಾರೆ. ಹಿಂದೆ ಜೊತೆಗೆ ಕೆಲಸ ಮಾಡಿದವರು, ಬ್ಯಾಟರಿ ಮ್ಯಾನೇಜ್‌ಮೆಂಟ್‌ನಲ್ಲೇ ಇದ್ದಾರೆ, ಸೆಲ್ ಬ್ಯಾಲೆನ್ಸಿಂಗ್ ಅಂದರೆ ಊಟ ನಿದ್ದೆ ಬಿಟ್ಟು ಕೂರುವವರು. ಅವರನ್ನು ಕೇಳದೆ ಹೆಸರಾಗಲಿ ನಂಬರಾಗಲಿ ಕೊಡುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಮೆಸೇಜನ್ನು ಅವರಿಗೆ ಕಳಿಸುತ್ತೇನೆ, ಆಸಕ್ತಿ ಇದ್ದರೆ ಅವರೇ ಬರೆಯುತ್ತಾರೆ. ಬರೆಯದಿದ್ದರೆ ಇಲ್ಲ ಅಂತ ತಿಳಿದುಕೊಳ್ಳಿ, ನಾನು ನಡುವೆ ನಿಂತು ಒತ್ತಾಯ ಮಾಡುವುದಿಲ್ಲ. ಅವರು ಸೇರಿದರೆ ನನಗೆ ರೆಫರಲ್ ದುಡ್ಡು ಗಿಡ್ಡು ಏನೂ ಬೇಡ.

ಎರಡು ವಿನಂತಿ ಇದೆ, ಸ್ವಲ್ಪ ಖಡಕ್ಕಾಗಿಯೇ ಹೇಳುತ್ತೇನೆ. ನನ್ನ ರೆಸ್ಯೂಮೆಯನ್ನು ನನ್ನನ್ನು ಕೇಳದೆ ಯಾವ ಕ್ಲೈಂಟಿಗೂ ಕಳಿಸಬೇಡಿ, ಅವರ ಪೋರ್ಟಲ್‌ಗೆ ಅಪ್‌ಲೋಡ್ ಮಾಡಲೂ ಬೇಡಿ. ಹಿಂದೊಮ್ಮೆ ಬೇರೊಬ್ಬ ರಿಕ್ರೂಟರ್ ಹೀಗೆ ಮಾಡಿ, ಅದೇ ಕಂಪನಿಗೆ ಇನ್ನೊಬ್ಬರ ಮೂಲಕ ಹೋಗುವಾಗ ಅರ್ಜಿ ಆಗಲೇ ಬಂದಿದೆ ಅಂತ ಸಿಸ್ಟಮ್ ನನ್ನನ್ನು ಹೊರಗೇ ನಿಲ್ಲಿಸಿತು. ನೀವು ಹಾಗೆ ಮಾಡುವವರಲ್ಲ ಅಂತ ಕಾಣುತ್ತದೆ, ಆದರೂ ಹೇಳಿಬಿಡುವುದು ವಾಸಿ. ಮತ್ತೆ ಆಫೀಸ್ ನಂಬರಿಗೆ, ಆಫೀಸ್ ಮೇಲ್‌ಗೆ ಬರಬೇಡಿ. ಟೆಸ್ಟ್ ಬೆಂಚ್ ಪಕ್ಕ ಕೂತಾಗ ಸ್ಪೀಕರ್‌ನಲ್ಲಿ ‘ಹೊಸ ಆಪರ್ಚುನಿಟಿ’ ಅಂತ ಕೇಳಿಬಂದರೆ ಪಕ್ಕದವರ ಮುಖ ನೋಡಲಾಗುವುದಿಲ್ಲ. ಇಲ್ಲೇ ಮೆಸೇಜ್ ಹಾಕಿ, ಎರಡು ಮೂರು ದಿನದಲ್ಲಿ ನೋಡುತ್ತೇನೆ. ನಿಮ್ಮ ಕನೆಕ್ಷನ್ ರಿಕ್ವೆಸ್ಟ್ ಈಗ ಒಪ್ಪಿಕೊಂಡಿದ್ದೇನೆ.

ಅಂದಹಾಗೆ, ಫರ್ಮ್‌ವೇರ್ ಹುದ್ದೆಗಳಿಗೆ ಇನ್ನು ಮುಂದೆ ಜಾಬ್ ಡಿಸ್ಕ್ರಿಪ್ಷನ್ ಹಾಕುವ ಮೊದಲು ಯಾರಾದರೂ ಒಮ್ಮೆ ಕಣ್ಣಾಡಿಸಿದರೆ ಒಳ್ಳೆಯದು ಅನ್ನಿಸಿದರೆ ನನಗೆ ಕಳಿಸಿ. ಐದು ನಿಮಿಷದ ಕೆಲಸ, ಮಾಡಿಕೊಡುತ್ತೇನೆ. ಈ ಬ್ಯಾಟರಿ ಹುದ್ದೆಯದ್ದನ್ನು ತಿದ್ದಿದ ಮೇಲೆ ಹೊಸ ಲಿಂಕ್ ಕಳಿಸಿ, ಹಳೆಯದನ್ನು ನನ್ನ ಗೆಳೆಯರಿಗೆ ಕಳಿಸಿದರೆ ಆ ಎಂಟು ವರ್ಷದ ಸಾಲು ನೋಡಿಯೇ ಅವರು ನಕ್ಕು ಸುಮ್ಮನಾಗುತ್ತಾರೆ. ಶುಕ್ರವಾರದೊಳಗೆ ಬಂದರೆ ಅವತ್ತೇ ಫಾರ್ವರ್ಡ್ ಮಾಡುತ್ತೇನೆ.