ಕಾಪಿರೈಟ್ ಸಮಸ್ಯಾ ಪ್ರಶ್ನೆ: ಸಾಫ್ಟ್‌ವೇರ್ ಬರೆದ ಹನಿಗವನ ಯಾರದು?

25 ಅಂಕ. 1957ರ ಕೃತಿಸ್ವಾಮ್ಯ ಕಾಯ್ದೆಯ ಪುಸ್ತಕ ಎದುರಿಗಿಟ್ಟುಕೊಂಡೇ ಬರೆಯಿರಿ. ಜನ, ಪದ್ಯ, ಜಗಳ ಎಲ್ಲ ಕಲ್ಪಿತ. ಕಾನೂನು ಮಾತ್ರ ನಿಜದ್ದು.

ಶಿರಸಿಯ ಸುಮಂಗಲಾ ನಿವೃತ್ತ ಶಿಕ್ಷಕಿ. ಎರಡು ಹನಿಗವನ ಸಂಕಲನ ತಂದಿದ್ದಾರೆ. 1998ರ ಸಂಕಲನದ ಹಕ್ಕು ಅವರ ಹತ್ತಿರವೇ ಇದೆ. 2012ರ ಸಂಕಲನದ ಹಕ್ಕನ್ನು ಧಾರವಾಡದ ಪ್ರಕಾಶಕರೊಬ್ಬರಿಗೆ ಬರೆದುಕೊಟ್ಟರು. ಒಪ್ಪಂದ ಒಂದೇ ಪುಟದ್ದು, ಎಷ್ಟು ವರ್ಷಕ್ಕೆ ಅಂತ ಅದರಲ್ಲಿ ಎಲ್ಲೂ ಇಲ್ಲ. ಅವರ ತಂದೆಯೂ ಒಂದು ಪದ್ಯದ ಪುಸ್ತಕ ಅಚ್ಚು ಹಾಕಿಸಿದ್ದರು. ತಂದೆ ತೀರಿಕೊಂಡದ್ದು 1963ರಲ್ಲಿ. ಸುಮಂಗಲಾ ಒಬ್ಬರೇ ವಾರಸುದಾರರು.

2022ರಲ್ಲಿ ಬೆಂಗಳೂರಿನ ಒಂದು ಕಂಪನಿ ಕನ್ನಡದಲ್ಲಿ ಪದ್ಯ ಬರೆಯುವ ಸಾಫ್ಟ್‌ವೇರ್ ಮಾಡಲು ಹೊರಟಿತು. ಲೈಬ್ರರಿಯಿಂದ ಎರವಲು ತಂದ ಸಾವಿರಾರು ಪುಸ್ತಕಗಳನ್ನು ಬೆಂಗಳೂರಿನ ಆಫೀಸಿನಲ್ಲೇ ಪುಟಪುಟ ಸ್ಕ್ಯಾನ್ ಮಾಡಿತು, ಅದರಲ್ಲಿ ಈ ಮೂರೂ ಇದ್ದವು. ಯಾರ ಅನುಮತಿಯನ್ನೂ ಕೇಳಲಿಲ್ಲ. ಸಾಫ್ಟ್‌ವೇರಿಗೆ ತರಬೇತಿ ನಡೆದದ್ದು ಸಿಂಗಾಪುರದಲ್ಲಿ, ಬಾಡಿಗೆ ಸರ್ವರ್‌ಗಳಲ್ಲಿ. ತರಬೇತಿ ಮುಗಿದ ಮೇಲೆ ಸ್ಕ್ಯಾನ್ ಫೈಲು ಅಳಿಸಿದ್ದೇವೆ ಅನ್ನುತ್ತಾರೆ. 2024ರಿಂದ ಇದು ಚಂದಾ ಕಟ್ಟಿದವರಿಗೆ ಸಿಗುತ್ತಿದೆ. 'ಹೊರಬಂದ ಪದ್ಯ ಬಳಕೆದಾರನದು, ಹೊಣೆಯೂ ಅವನದೇ' ಅಂತ ಷರತ್ತಿನಲ್ಲಿದೆ.

ಹುಬ್ಬಳ್ಳಿಯ ಒಂದು ಪ್ರೆಸ್ಸಿನಲ್ಲಿ ನಾಗರಾಜ ಸಂಬಳದ ಡಿಸೈನರ್. ಕ್ಯಾಲೆಂಡರ್ ಮಾಡುವಾಗ 'ಮಲೆನಾಡು, ಮಳೆ, ನೆನಪು, ನಾಲ್ಕು ಸಾಲು' ಅಂತ ಟೈಪ್ ಮಾಡಿದ. ಬಂದ ಇಪ್ಪತ್ತರಲ್ಲಿ ಒಂದನ್ನು ಆರಿಸಿ ಕೊನೆಯ ಸಾಲು ತಾನೇ ತಿದ್ದಿದ:

ಮಳೆ ನಿಂತ ಮೇಲೂ
ಸೂರಿನಂಚು ಸುಮ್ಮನಾಗಲಿಲ್ಲ;
ಊರು ಬಿಟ್ಟ ಮೇಲೂ
ಅಂಗಳ ಮರೆಯಾಗಲಿಲ್ಲ.

ಸುಮಂಗಲಾ ಅವರ 1998ರ ಹನಿಗವನ ಹೀಗಿದೆ:

ಮಳೆ ನಿಂತ ಮೇಲೂ
ಸೂರಿನಂಚು ಸುಮ್ಮನಾಗಲಿಲ್ಲ;
ಅಮ್ಮ ಹೋದ ಮೇಲೂ
ಬಾಗಿಲು ಚಿಲಕ ಹಾಕಲಿಲ್ಲ.

ನಾಗರಾಜ ಆ ಪುಸ್ತಕ ಕಂಡವನೇ ಅಲ್ಲ, ಇದನ್ನು ಎಲ್ಲರೂ ಒಪ್ಪುತ್ತಾರೆ. ಕ್ಯಾಲೆಂಡರಿನ ಜೂನ್ ಪುಟದಲ್ಲಿ ಇದು ಬಂತು. ಆಗಸ್ಟ್ ಪುಟಕ್ಕೆ ಸಾಫ್ಟ್‌ವೇರ್ ಕೊಟ್ಟ ಇನ್ನೊಂದು ಪದ್ಯವನ್ನು ಒಂದಕ್ಷರವೂ ಮುಟ್ಟದೆ ಹಾಕಿದ. ಅದರಲ್ಲಿ ಸುಮಂಗಲಾ ಅವರ ಒಂದು ಸಾಲೂ ಇಲ್ಲ, ಆದರೆ ಓದಿದವರೆಲ್ಲ 'ಇದು ಅವರದೇ ಧಾಟಿ ಅಲ್ವಾ' ಅನ್ನುತ್ತಾರೆ. ಸೆಪ್ಟೆಂಬರ್ ಪುಟದಲ್ಲಿ ತಂದೆಯ ಒಂದು ಇಡೀ ಪದ್ಯವೇ ಇದ್ದ ಹಾಗೆ ಬಂದಿದೆ. 2025ರ ಈ ಕ್ಯಾಲೆಂಡರ್ 2024ರ ಡಿಸೆಂಬರಿನಲ್ಲಿ ಅಚ್ಚಾಗಿ, 2025ರ ಜನವರಿಯಲ್ಲಿ ಮಾರಾಟವಾಯಿತು. ಗದಗದ ಒಬ್ಬ ಮುದ್ರಕ ಆಗಸ್ಟ್ ಪುಟದ ಪದ್ಯವನ್ನು ಎತ್ತಿ ಮದುವೆ ಕಾರ್ಡಿನ ಮೇಲೆ ಹಾಕಿ ಮಾರುತ್ತಿದ್ದಾನೆ. ಪ್ರೆಸ್ಸಿನ ಮಾಲೀಕರಿಗೆ ಸಿಟ್ಟು ಬಂದು ನೋಂದಣಿಗೆ ಅರ್ಜಿ ಹಾಕಿದ್ದಾರೆ. ಕರ್ತೃವಿನ ಜಾಗದಲ್ಲಿ ಸಾಫ್ಟ್‌ವೇರಿನ ಹೆಸರು ಬರೆದುಬಿಟ್ಟಿದ್ದಾರೆ!

ಈಗ ಪ್ರಶ್ನೆಗಳು.

ಒಂದು. ಜೂನ್ ಮತ್ತು ಆಗಸ್ಟ್ ಪದ್ಯಗಳ ಕರ್ತೃ ಯಾರು? 2(ಡಿ)(vi) ಪ್ರಕಾರ ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ ಅದನ್ನು ಹುಟ್ಟುವಂತೆ ಮಾಡಿದ ವ್ಯಕ್ತಿಯೇ ಕರ್ತೃ. ಆ ವ್ಯಕ್ತಿ ಟೈಪ್ ಮಾಡಿದ ನಾಗರಾಜನೋ, ಯಂತ್ರ ಕಟ್ಟಿದ ಕಂಪನಿಯೋ? ಕರ್ತೃ ಸಿಕ್ಕಿದ ಮಾತ್ರಕ್ಕೆ ಕೃತಿಗೆ ಸ್ವಂತಿಕೆ ಬಂತೇ? ಈಸ್ಟರ್ನ್ ಬುಕ್ ಕಂಪನಿ ತೀರ್ಪನ್ನು (2008) ಇಲ್ಲಿ ತರಲೇಬೇಕು. ನಾಗರಾಜ ನೌಕರ ಅನ್ನುವುದನ್ನೂ ಮರೆಯಬೇಡಿ, 17ನೇ ಸೆಕ್ಷನ್ ನೋಡಿ. ಇಷ್ಟಾದ ಮೇಲೆ ಗದಗದವನ ಮೇಲೆ ಪ್ರೆಸ್ಸು ಗೆಲ್ಲುತ್ತದೆಯೇ ಹೇಳಿ. ಅಮೆರಿಕದ ಥೇಲರ್ ಪ್ರಕರಣ ತರುವುದಾದರೆ ತನ್ನಿ, ಆದರೆ ನಮ್ಮ 2(ಡಿ)(vi)ರಂಥ ಮಾತು ಅವರ ಕಾಯ್ದೆಯಲ್ಲಿಲ್ಲ.

ಎರಡು, ಇದಕ್ಕೇ ಜಾಸ್ತಿ ಅಂಕ. ಕಂಪನಿ ಉಲ್ಲಂಘನೆ ಮಾಡಿದೆಯೇ? ಸುಮ್ನೆ 'ಎಐ ಕದ್ದಿದೆ' ಅಂತ ಬರೆದರೆ ಅಂಕ ಇಲ್ಲ. ಸ್ಕ್ಯಾನ್ ಮಾಡಿದ್ದು, ತರಬೇತಿ ಕೊಟ್ಟದ್ದು, ಪದ್ಯ ಹೊರಬಂದದ್ದು, ಮೂರನ್ನೂ ಬೇರೆ ಬೇರೆ ನೋಡಿ. 14ನೇ ಸೆಕ್ಷನ್ನಿನಲ್ಲಿ ಎಲೆಕ್ಟ್ರಾನಿಕ್ ಆಗಿ ಶೇಖರಿಸುವುದೂ ಪ್ರತಿ ಮಾಡಿದಂತೆಯೇ. ಕಂಪನಿ 52(1)(ಎ) ಹಿಡಿದುಕೊಂಡು 'ಇದು ಸಂಶೋಧನೆ' ಅನ್ನುತ್ತದೆ. ಚಂದಾ ವಸೂಲಿ ಮಾಡುವವರಿಗೆ 'ಖಾಸಗಿ ಅಥವಾ ವೈಯಕ್ತಿಕ ಬಳಕೆ' ಅನ್ನುವ ಮಾತು ಅನ್ವಯಿಸುತ್ತದೆಯೇ? ಫೈಲು ಅಳಿಸಿದರೆ ತಪ್ಪು ಅಳಿಯುತ್ತದೆಯೇ? ಸಿಂಗಾಪುರದಲ್ಲಿ ನಡೆದದ್ದಕ್ಕೆ ನಮ್ಮ ಕಾಯ್ದೆ ಮುಟ್ಟುತ್ತದೆಯೇ? ದಿಲ್ಲಿ ಹೈಕೋರ್ಟಿನಲ್ಲಿ 2024ರಲ್ಲಿ ಹೂಡಿದ ಎಎನ್‌ಐ–ಓಪನ್‌ಎಐ ದಾವೆಯಲ್ಲೂ ಜಗಳ ಇದೇ ಜಾಗದಲ್ಲಿದೆ.

ಮೂರು. ನಾಲ್ಕರಲ್ಲಿ ಎರಡು ಸಾಲು 'ಗಣನೀಯ ಭಾಗ' ಆಗುತ್ತದೆಯೇ? ಧಾಟಿಗೆ ರಕ್ಷಣೆ ಉಂಟೇ? ಇದಕ್ಕೆ ಆರ್.ಜಿ. ಆನಂದ್ (1978) ಸಾಕು. ಪುಸ್ತಕವನ್ನೇ ನೋಡದ ನಾಗರಾಜನೂ ಅವನ ಮಾಲೀಕರೂ ಉಲ್ಲಂಘಕರಾಗಬಹುದೇ? 'ಹೊಣೆ ಬಳಕೆದಾರನದೇ' ಅನ್ನುವ ಷರತ್ತು ಸುಮಂಗಲಾ ಅವರನ್ನು ಕಟ್ಟಿಹಾಕುತ್ತದೆಯೇ?

ನಾಲ್ಕು. 2012ರ ಸಂಕಲನಕ್ಕಾಗಿ ಧಾರವಾಡದ ಪ್ರಕಾಶಕರೂ ಸ್ಕ್ಯಾನಿನ ಬಗ್ಗೆ ನೋಟಿಸ್ ಕೊಟ್ಟಿದ್ದಾರೆ. 19(5) ಓದಿ, ಅವರಿಗೆ ಆ ಹಕ್ಕು 2022ರಲ್ಲಿ ಉಳಿದಿತ್ತೇ ಹೇಳಿ. ತಂದೆಯ ಪದ್ಯಕ್ಕೆ 22ನೇ ಸೆಕ್ಷನ್ ಹಚ್ಚಿ ತಾರೀಕು ಲೆಕ್ಕ ಹಾಕಿ: 2022ರ ಸ್ಕ್ಯಾನಿಗೂ 2024ರ ಅಚ್ಚಿಗೂ ಉತ್ತರ ಒಂದೇ ಆಗಬೇಕಿಲ್ಲ.

ಕೊನೆಯದು. ಸುಮಂಗಲಾ ಅವರ ಹತ್ತಿರ ದುಡ್ಡು ಕಡಿಮೆ, ಒಬ್ಬರ ಮೇಲೆ ಮಾತ್ರ ದಾವೆ ಹೂಡಬಲ್ಲರು. ಬೆಂಗಳೂರಿಗೆ ಓಡಾಡಲಾರೆ ಅನ್ನುತ್ತಾರೆ. ಯಾರ ಮೇಲೆ, ಯಾವ ಪರಿಹಾರ ಕೇಳಿ, 62ನೇ ಸೆಕ್ಷನ್ ಪ್ರಕಾರ ಯಾವ ಜಿಲ್ಲೆಯ ಕೋರ್ಟಿನಲ್ಲಿ ಹೂಡಬೇಕು ಅಂತ ಅವರಿಗೆ ಅರ್ಥವಾಗುವ ಹಾಗೆ ಒಂದು ಪುಟದಲ್ಲಿ ಬರೆದುಕೊಡಿ.