ಗಾಜಿನೊಳಗೆ ಬೆಳಕನ್ನು ಹಿಡಿದಿಡುವ ಕೆಲಸ

(ರಾಷ್ಟ್ರೀಯ ವಿಜ್ಞಾನ ದಿನದಂದು ಮುಧೋಳ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನೀಡಿದ ಉಪನ್ಯಾಸ)

ಮುಖ್ಯಗುರುಗಳೇ, ಗುರುಗಳೇ, ಅಕ್ಕೋರೇ, ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಚದುರಿದ ಬೆಳಕಿನಲ್ಲಿ ಒಂದು ಸಣ್ಣ ಪಾಲು ತನ್ನ ಬಣ್ಣ ಬದಲಿಸಿಕೊಂಡು ಬರುತ್ತದೆ ಎಂಬುದನ್ನು ಸಿ.ವಿ. ರಾಮನ್ ಕಂಡುಕೊಂಡದ್ದು 1928ರ ಫೆಬ್ರುವರಿ 28ರಂದು. ಅದರ ನೆನಪಿಗೇ ಈ ದಿನ. ಹಾಗಾಗಿ ಇವತ್ತು ಬೆಳಕಿನ ಮಾತನ್ನೇ ಆಡೋಣ, ಅದೂ ನಿಮ್ಮ ಕಂಪ್ಯೂಟರ್ ಕೋಣೆಯ ಕಿಟಕಿಯಿಂದ ಹೊರಗೆ ಹೋಗಿ ಕಂಬಕ್ಕೆ ಸೇರುವ ಆ ಕಪ್ಪು ಕೇಬಲ್‌ನೊಳಗಿನ ಬೆಳಕು. ಅದರಲ್ಲಿ ಕರೆಂಟ್ ಹರಿಯುವುದಿಲ್ಲ.

ನನ್ನ ಕೈಯಲ್ಲಿರುವುದು ಅದೇ ಕೇಬಲ್‌ನ ತುಂಡು. ಎರಡೂ ಬದಿಯಲ್ಲಿ ಗಟ್ಟಿ ತಂತಿ ಕಾಣುತ್ತದಲ್ಲ, ಅದು ಎಳೆತ ತಡೆಯಲು ಮಾತ್ರ. ನಿಜವಾದ ಮಾಲು ನಡುವಿನ ಈ ಬಣ್ಣದ ಎಳೆ, ಇದೇ ಫೈಬರ್. ಬಣ್ಣದ ಪ್ಲಾಸ್ಟಿಕ್ ಲೇಪ ಸೇರಿ ಇದರ ದಪ್ಪ 250 ಮೈಕ್ರಾನ್, ಅಂದರೆ ಕಾಲು ಮಿಲಿಮೀಟರ್. ಲೇಪ ಕೆರೆದರೆ ಒಳಗೆ 125 ಮೈಕ್ರಾನ್ ಗಾಜು, ಹೆಚ್ಚುಕಡಿಮೆ ತಲೆಗೂದಲಿನಷ್ಟು. ಬೆಳಕು ಸಾಗುವುದು ಈ ಇಡೀ ಗಾಜಿನಲ್ಲಿ ಅಲ್ಲ, ಅದರ ನಟ್ಟನಡುವಿನ ಸುಮಾರು 9 ಮೈಕ್ರಾನ್ ತಿರುಳಿನಲ್ಲಿ. ತಿರುಳಿಗೆ ಕೋರ್ ಎನ್ನುತ್ತಾರೆ, ಸುತ್ತಲಿನ ಗಾಜಿಗೆ ಕ್ಲಾಡಿಂಗ್. ಎರಡೂ ಸಿಲಿಕಾ ಗಾಜೇ. ಕೋರ್‌ಗೆ ಸ್ವಲ್ಪ ಜರ್ಮೇನಿಯಂ ಆಕ್ಸೈಡ್ ಬೆರೆಸಿರುತ್ತಾರೆ, ಅದರಿಂದ ಅದರ ವಕ್ರೀಭವನ ಸೂಚ್ಯಂಕ ನೂರಕ್ಕೆ ಅರ್ಧದಷ್ಟೂ ಅಲ್ಲ, ಸುಮಾರು 0.36 ಪಾಲು ಹೆಚ್ಚಾಗುತ್ತದೆ. ಇಷ್ಟೇ ವ್ಯತ್ಯಾಸದ ಮೇಲೆ ಇಂಟರ್ನೆಟ್ ನಿಂತಿದೆ.

ಹತ್ತನೆಯವರಿಗೆ ವಕ್ರೀಭವನ ಪಾಠವಾಗಿದೆ. ಸಾಂದ್ರ ಮಾಧ್ಯಮದಿಂದ ವಿರಳ ಮಾಧ್ಯಮಕ್ಕೆ ಹೋಗುವ ಕಿರಣ ಲಂಬದಿಂದ ದೂರ ಬಾಗುತ್ತದೆ. ಪತನ ಕೋನ ಹೆಚ್ಚಿಸುತ್ತ ಹೋಗಿ. ಒಂದು ಹಂತ ದಾಟಿದ ಮೇಲೆ ಕಿರಣ ಹೊರಗೆ ಹೋಗುವುದೇ ಇಲ್ಲ, ಪೂರ್ತಿ ಒಳಕ್ಕೇ ತಿರುಗುತ್ತದೆ. ಅದು ಪೂರ್ಣ ಆಂತರಿಕ ಪ್ರತಿಫಲನ, ಆ ಹಂತದ ಕೋನ ಕ್ರಾಂತಿ ಕೋನ. ನೀರಿನಿಂದ ಗಾಳಿಗೆ ಅದು ಸುಮಾರು 49 ಡಿಗ್ರಿ. ಫೈಬರ್‌ನಲ್ಲಿ ಸುಮಾರು 85 ಡಿಗ್ರಿ. ಅಂದರೆ ಕೋರ್‌ನ ಉದ್ದಕ್ಕೆ 5 ಡಿಗ್ರಿಗಿಂತ ಹೆಚ್ಚು ಓರೆಯಾದ ಕಿರಣ ಸೋರಿಹೋಗುತ್ತದೆ. ಈ 5 ಡಿಗ್ರಿಯನ್ನು ನೆನಪಿಡಿ. ಮನೆಯಲ್ಲಿ ನೆಟ್ ಹೋಗುವ ಅರ್ಧ ಕಾರಣ ಇದರಲ್ಲೇ ಇದೆ. (ಪಿಯುಸಿಯಲ್ಲಿ ಭೌತಶಾಸ್ತ್ರ ತೆಗೆದುಕೊಳ್ಳುವವರಿಗೆ ಒಂದು ಮಾತು: ಇಷ್ಟು ಸಣ್ಣ ಕೋರ್‌ನಲ್ಲಿ ಬೆಳಕನ್ನು ಕಿರಣ ಎನ್ನುವುದಕ್ಕಿಂತ ಅಲೆ ಎನ್ನುವುದೇ ಸರಿ. ಇವತ್ತಿಗೆ ಕಿರಣ ಸಾಕು.)

ಇದನ್ನು ಕಣ್ಣಾರೆ ನೋಡಬಹುದು. ಜಿನೀವಾದಲ್ಲಿ ಡೇನಿಯಲ್ ಕೊಲಾಡಾನ್ 1840ರ ದಶಕದ ಆರಂಭದಲ್ಲೇ ಹರಿಯುವ ನೀರಿನೊಳಗೆ ಬೆಳಕನ್ನು ಬಾಗಿಸಿ ತೋರಿಸಿದ್ದರು. ನಮಗೆ ಒಂದು ಲೀಟರಿನ ಪಾರದರ್ಶಕ ಬಾಟಲಿ ಸಾಕು. ತಳದಿಂದ ನಾಲ್ಕು ಬೆರಳು ಮೇಲೆ 5 ಮಿಲಿಮೀಟರ್ ತೂತು ಮಾಡಿ, ಬೆರಳಿಂದ ಮುಚ್ಚಿ ನೀರು ತುಂಬಿ. ಎರಡು ಹನಿ ಹಾಲು ಹಾಕಿ, ಬೆಳಕಿನ ದಾರಿ ಕಾಣುತ್ತದೆ. ಎದುರು ಬದಿಯಿಂದ ಲೇಸರ್ ಪಾಯಿಂಟರ್‌ನ್ನು ನೇರ ತೂತಿಗೆ ಹಿಡಿದು ಬೆರಳು ತೆಗೆಯಿರಿ. ನೀರಿನ ಧಾರೆಯ ಜೊತೆ ಬೆಳಕೂ ಬಾಗಿ ಬಕೆಟ್‌ಗೆ ಬೀಳುತ್ತದೆ. ಬರದಿದ್ದರೆ ತೂತಿನ ಅಂಚು ನೋಡಿ: ಒರಟಾಗಿದ್ದರೆ ಧಾರೆ ಒಡೆಯುತ್ತದೆ, ಒಡೆದಲ್ಲಿ ಬೆಳಕು ಹೊರಬೀಳುತ್ತದೆ. ಕಾಯಿಸಿದ ಮೊಳೆಯಿಂದ ಮಾಡಿದ ತೂತು ನಯವಾಗಿರುತ್ತದೆ. ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಗುರುಗಳೇ ಮಾಡಲಿ. ಹಾಲು ಹೆಚ್ಚಾದರೆ ಬೆಳಕು ಬಾಟಲಿಯಲ್ಲೇ ಚದುರಿ ಮುಗಿಯುತ್ತದೆ. ನೀರಿನ ಮಟ್ಟ ಇಳಿದಂತೆ ಧಾರೆ ಕಡಿದಾಗಿ ಬಾಗುತ್ತದೆ, ಬೆಳಕು ಬಾಗಿದಲ್ಲೇ ಜಾರಿಹೋಗುತ್ತದೆ. ಅದೂ ಒಂದು ಪಾಠವೇ.

ಗಾಜಿನಲ್ಲಿ ಬೆಳಕು ನಿಲ್ಲುತ್ತದೆ ಎಂಬುದು ಗೊತ್ತಿದ್ದರೂ ದೂರ ಕಳಿಸಲು ಆಗಿರಲಿಲ್ಲ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ 1954ರಲ್ಲಿ, ಹ್ಯಾರಲ್ಡ್ ಹಾಪ್ಕಿನ್ಸ್ ಜೊತೆ, ಗಾಜಿನ ಎಳೆಗಳ ಕಂತೆಯಲ್ಲಿ ಚಿತ್ರವನ್ನೇ ಸಾಗಿಸಿ ತೋರಿಸಿದರು. ಆದರೆ ಆ ಕಾಲದ ಗಾಜು ಕೆಲವು ಮೀಟರ್‌ಗಳಲ್ಲೇ ಬೆಳಕನ್ನು ನುಂಗುತ್ತಿತ್ತು. ತಪ್ಪು ಗಾಜಿನದಲ್ಲ, ಅದರಲ್ಲಿರುವ ಕಲ್ಮಶದ್ದು ಎಂದು 1966ರಲ್ಲಿ ಲೆಕ್ಕ ಹಾಕಿ ಹೇಳಿದವರು ಚಾರ್ಲ್ಸ್ ಕಾವೊ. ಕಿಲೋಮೀಟರಿಗೆ 20 ಡೆಸಿಬೆಲ್‌ಗಿಂತ ಕಡಿಮೆ ನಷ್ಟವಿದ್ದರೆ ದೂರಸಂಪರ್ಕ ಸಾಧ್ಯ ಎಂದರು. ನಾಲ್ಕೇ ವರ್ಷದಲ್ಲಿ, 1970ರಲ್ಲಿ, ಅಮೆರಿಕದ ಕಾರ್ನಿಂಗ್ ಕಂಪನಿಯವರು 17ಕ್ಕೆ ತಂದರು. ಕಾವೊ ಅವರಿಗೆ ನೊಬೆಲ್ ಬಂದದ್ದು ಮಾತ್ರ 2009ರಲ್ಲಿ.

ಡೆಸಿಬೆಲ್ ಲೆಕ್ಕ ಸುಲಭ. 3 ಡೆಸಿಬೆಲ್ ಹೋದರೆ ಬೆಳಕು ಅರ್ಧ, 10 ಹೋದರೆ ಹತ್ತರಲ್ಲಿ ಒಂದು, 20 ಹೋದರೆ ನೂರರಲ್ಲಿ ಒಂದು. ಇವತ್ತಿನ ಫೈಬರ್‌ನಲ್ಲಿ 1550 ನ್ಯಾನೋಮೀಟರ್ ತರಂಗದೂರಕ್ಕೆ ಕಿಲೋಮೀಟರಿಗೆ ನಷ್ಟ ಸುಮಾರು 0.2 ಡೆಸಿಬೆಲ್. ಅಂದರೆ 15 ಕಿಲೋಮೀಟರ್ ಹೋದ ಮೇಲೂ ಅರ್ಧ ಬೆಳಕು ಉಳಿದಿರುತ್ತದೆ. ಕೆಂಪು, ನೀಲಿ ಬಿಟ್ಟು ಕಣ್ಣಿಗೆ ಕಾಣದ ಅವಕೆಂಪನ್ನೇ ಬಳಸುವುದು ಯಾಕೆ? ತರಂಗದೂರ ಹೆಚ್ಚಿದಂತೆ ಗಾಜಿನಲ್ಲಿ ಚದುರುವಿಕೆ ತೀರ ಕಡಿಮೆಯಾಗುತ್ತದೆ: ತರಂಗದೂರ ಇಮ್ಮಡಿಯಾದರೆ ಚದುರುವಿಕೆ ಹದಿನಾರನೇ ಒಂದು ಪಾಲು. ಆಕಾಶ ನೀಲಿಯಾಗಿರುವುದಕ್ಕೂ ಇದೇ ನಿಯಮ ಕಾರಣ. ಇನ್ನೂ ಉದ್ದಕ್ಕೆ ಹೋದರೆ ಗಾಜೇ ಬೆಳಕನ್ನು ಹೀರತೊಡಗುತ್ತದೆ, ಅದಕ್ಕೆ 1550ರ ಆಸುಪಾಸಿಗೆ ನಿಲ್ಲುತ್ತಾರೆ. ನೂರಾರು ಕಿಲೋಮೀಟರ್ ಸಾಗುವ ಮುಖ್ಯ ಮಾರ್ಗಗಳಲ್ಲಿ ನಡುನಡುವೆ ಬೆಳಕನ್ನು ಬೆಳಕಾಗಿಯೇ ಬಲಪಡಿಸುತ್ತಾರೆ. ಅದಕ್ಕೆ ಬಳಸುವ ವಿಧಾನಗಳಲ್ಲಿ ಒಂದು ರಾಮನ್ ಪರಿಣಾಮವನ್ನೇ ನೆಚ್ಚಿಕೊಂಡಿದೆ. ಆ ಸಾಧನದ ಹೆಸರೇ ರಾಮನ್ ಆಂಪ್ಲಿಫೈಯರ್.

ಈಗ ಸಂದೇಶಕ್ಕೆ ಬರೋಣ. ನೀವು ಮೊಬೈಲ್‌ನಲ್ಲಿ ‘ಕ’ ಎಂದು ಒತ್ತಿದರೆ ಕಂಪ್ಯೂಟರಿಗೆ ಅದು 24 ಅಂಕಿ:

```
11100000 10110010 10010101
```

ಲೇಸರ್ 1ಕ್ಕೆ ಜೋರಾಗಿ, 0ಕ್ಕೆ ಮಂದವಾಗಿ ಬೆಳಗುತ್ತದೆ. ನಮ್ಮೂರುಗಳಿಗೆ ಬರುವ, ಒಂದು ಎಳೆಯನ್ನು ಹಲವು ಮನೆಗೆ ಹಂಚುವ ಸಾಮಾನ್ಯ ಜಿಪಾನ್ ಮಾರ್ಗದಲ್ಲಿ ಮನೆಯ ಕಡೆಗೆ ಬರುವ ಲೇಸರ್ ಸೆಕೆಂಡಿಗೆ ಸುಮಾರು 248 ಕೋಟಿ 80 ಲಕ್ಷ ಅಂಕಿ ಕಳಿಸುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಭಾಗಿಸಿ ನೋಡಿ: ಒಂದು ಅಂಕಿ ಫೈಬರ್‌ನಲ್ಲಿ ಹಿಡಿಯುವ ಉದ್ದ 8 ಸೆಂಟಿಮೀಟರ್. ‘ಕ’ ಅಕ್ಷರ ಆ ಗಾಜಿನೊಳಗೆ ಸುಮಾರು 1.9 ಮೀಟರ್ ಉದ್ದವಿರುತ್ತದೆ, ನಿಮ್ಮ ಪಿ.ಟಿ. ಸರ್‌ಗಿಂತ ಎತ್ತರ! ನಿಜವಾದ ಮಾರ್ಗದಲ್ಲಿ ಅಂಕಿಗಳನ್ನು ಒಂದು ನಿಯಮದಂತೆ ಕಲಸಿ ಕಳಿಸುತ್ತಾರೆ. ಸಾಲಾಗಿ ಸೊನ್ನೆಗಳೇ ಬಂದರೆ ಆ ತುದಿಯ ಯಂತ್ರಕ್ಕೆ ಎಷ್ಟು ಸೊನ್ನೆ ಕಳೆದವು ಎಂಬ ಲಯ ತಪ್ಪುತ್ತದೆ.

ಒಂದೇ ಎಳೆಯಲ್ಲಿ ಹೋಗುವುದೂ ಬರುವುದೂ ನಡೆಯುತ್ತದೆ, ಡಿಕ್ಕಿ ಇಲ್ಲ. ಮನೆಗೆ ಬರುವ ಬೆಳಕು 1490 ನ್ಯಾನೋಮೀಟರ್, ಮನೆಯಿಂದ ಹೋಗುವುದು 1310. ಎಕ್ಸ್‌ಚೇಂಜ್‌ನಿಂದ ಹೊರಟ ಒಂದು ಎಳೆಯನ್ನು ಸ್ಪ್ಲಿಟರ್ ಎಂಬ ಸಣ್ಣ ಸಾಧನ 32 ಮನೆಗೆ ಹಂಚುತ್ತದೆ. ಅದಕ್ಕೆ ಕರೆಂಟ್ ಬೇಡ. ಬರುವ ಬೆಳಕು 32 ಮನೆಗೂ ಹೋಗುತ್ತದೆ, ಪ್ರತಿ ಮನೆಯ ಪೆಟ್ಟಿಗೆ ತನ್ನದನ್ನಷ್ಟೇ ಆರಿಸಿಕೊಳ್ಳುತ್ತದೆ. ಕಳಿಸುವಾಗ ಮಾತ್ರ ಸರದಿ: ಎಕ್ಸ್‌ಚೇಂಜ್ ಕೊಟ್ಟ ಹೊತ್ತಿನಲ್ಲಷ್ಟೇ ನಿಮ್ಮ ಪೆಟ್ಟಿಗೆಯ ಲೇಸರ್ ಹೊತ್ತಬೇಕು. ಒಂದು ಮನೆಯ ಪೆಟ್ಟಿಗೆ ಕೆಟ್ಟು ಲೇಸರ್ ಆರದೆ ಉಳಿದರೆ ಉಳಿದ 31 ಮನೆಯ ನೆಟ್ಟೂ ಹಾಳು. ಇಂಥದ್ದನ್ನು ಹುಡುಕುವಷ್ಟು ಬೇಸರದ ಕೆಲಸ ಬೇರೊಂದಿಲ್ಲ.

ಲೆಕ್ಕ ಕೂಡಿಸೋಣ. ಎಕ್ಸ್‌ಚೇಂಜ್‌ನಿಂದ 2 ಮಿಲಿವ್ಯಾಟ್ ಬೆಳಕು ಹೊರಟಿತು ಎನ್ನಿ. 32ರ ಸ್ಪ್ಲಿಟರ್‌ನಲ್ಲಿ ಸುಮಾರು 17 ಡೆಸಿಬೆಲ್ ನಷ್ಟ. 6 ಕಿಲೋಮೀಟರ್ ಫೈಬರ್‌ನಲ್ಲಿ ಒಂದೂವರೆ, ಕನೆಕ್ಟರ್ ಮತ್ತು ಬೆಸುಗೆಗಳಲ್ಲಿ ಇನ್ನೊಂದೂವರೆ. ಒಟ್ಟು 20, ಮನೆಗೆ ಮುಟ್ಟಿದ್ದು ನೂರರಲ್ಲಿ ಒಂದು, 0.02 ಮಿಲಿವ್ಯಾಟ್. ಅಳೆಯುವ ಮೀಟರ್ 1 ಮಿಲಿವ್ಯಾಟನ್ನು ಸೊನ್ನೆ ಎಂದು ಹಿಡಿಯುತ್ತದೆ, ಹೊರಟ 2 ಮಿಲಿವ್ಯಾಟ್ ಅದರಲ್ಲಿ 3, ಅದರಿಂದ 20 ಕಳೆದರೆ ಮೈನಸ್ 17 ಎಂದು ಕಾಣುತ್ತದೆ. ಮೈನಸ್ 27ರ ವರೆಗೆ ಪೆಟ್ಟಿಗೆ ಓದಬಲ್ಲದು. ಅದರ ಹತ್ತಿರ ಹೋದರೆ ನೆಟ್ ಬಂದು ಹೋಗಿ ಮಾಡುತ್ತದೆ, ದಾಟಿದರೆ ಎಲ್‌ಓಎಸ್ ಎಂಬ ಕೆಂಪು ದೀಪ ಮಿನುಗುತ್ತದೆ. “ಸರ್, ಕೆಂಪ್ ಲೈಟ್ ಹತ್ತೈತ್ರಿ, ನೆಟ್ ಬರವಲ್ದು” ಎಂದು ಫೋನ್ ಬಂದರೆ ಅರ್ಥ ಒಂದೇ: ದಾರಿಯಲ್ಲೆಲ್ಲೋ ಬೆಳಕು ಹೊರಬಿದ್ದಿದೆ.

ಎಲ್ಲಿ? ಮೊದಲು ಮನೆಯಲ್ಲೇ ನೋಡಬೇಕು. ಟಿವಿ ಕಪಾಟಿನ ಹಿಂದೆ ಹಳದಿ ಕಾರ್ಡನ್ನು ಮೊಳೆಗೆ ಸುತ್ತಿರುತ್ತಾರೆ. ಬಾಗಿದಲ್ಲಿ ಆ 5 ಡಿಗ್ರಿ ಮಿತಿ ದಾಟಿದ ಬೆಳಕು ಕ್ಲಾಡಿಂಗ್‌ಗೆ ಸೋರುತ್ತದೆ. ಹಳೆಯ ಬಗೆಯ ಫೈಬರ್‌ಗೆ 30 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿಸಬಾರದು. ಮನೆಗೆಂದೇ ಮಾಡಿದ ಬಗೆ 7.5 ಮಿಲಿಮೀಟರ್‌ವರೆಗೂ ತಾಳುತ್ತದೆ. ಎರಡನೆಯದು ಧೂಳು. ಕೋರ್ 9 ಮೈಕ್ರಾನ್, ನಮ್ಮ ಬೇಸಿಗೆಯ ಧೂಳಿನ ಒಂದು ಕಣ ಅದನ್ನು ಮುಚ್ಚಲು ಸಾಕು. ಕನೆಕ್ಟರ್‌ನ ತುದಿಯನ್ನು ಬೆರಳಿಂದ ಮುಟ್ಟಬೇಡಿ, ಅಂಗಿಯಿಂದಂತೂ ಒರೆಸಲೇಬೇಡಿ. ಹಸಿರು ಕನೆಕ್ಟರ್‌ನ ತುದಿ 8 ಡಿಗ್ರಿ ಓರೆ, ನೀಲಿಯದು ಓರೆಯಿಲ್ಲದ್ದು. ಒಂದಕ್ಕೊಂದು ಸಿಕ್ಕಿಸಿದರೆ ನಡುವೆ ಗಾಳಿ ಉಳಿದು ಹಲವು ಡೆಸಿಬೆಲ್ ಹೋಗುತ್ತದೆ.

ಹೊರಗಿನ ಕಾರಣಗಳು ನಿಮಗೇ ಗೊತ್ತು. ಪೈಪ್‌ಲೈನ್‌ಗೆ ನೆಲ ಅಗೆಯುವ ಜೆಸಿಬಿ, ಹಂಗಾಮಿನಲ್ಲಿ ಮಿತಿ ಮೀರಿ ಕಬ್ಬು ಹೇರಿದ ಟ್ರ್ಯಾಕ್ಟರ್ ಜೋತುಬಿದ್ದ ಕೇಬಲ್ ಎಳೆದುಕೊಂಡು ಹೋಗುವುದು, ಇಲಿ. ಎರಿ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಹೂತ ಕೇಬಲ್‌ನ್ನೂ ಎಳೆದಾಡುತ್ತದೆ.

ಕಡಿದ ಜಾಗ ಪತ್ತೆಗೆ ಓಟಿಡಿಆರ್ ಯಂತ್ರವಿದೆ. ಅದು ಬೆಳಕಿನ ಒಂದು ಮಿಡಿತ ಕಳಿಸಿ, ಕಡಿದ ತುದಿಯಿಂದ ಮರಳುವ ಹೊತ್ತು ಅಳೆಯುತ್ತದೆ. 48 ಮೈಕ್ರೋಸೆಕೆಂಡ್ ಬಂತು ಎನ್ನಿ. ಮೈಕ್ರೋಸೆಕೆಂಡಿಗೆ 200 ಮೀಟರ್. ಹೋಗಿಬರುವ ದಾರಿ 9.6 ಕಿಲೋಮೀಟರ್, ಕಡಿದಿರುವುದು 4.8ರಲ್ಲಿ. ಆದರೆ ಬೈಕಿನ ಮೀಟರ್ ನೋಡಿ 4.8ಕ್ಕೆ ಅಗೆದರೆ ಸಿಗುವುದಿಲ್ಲ. ಕಂಬಗಳಲ್ಲಿ ಸುತ್ತಿಟ್ಟ ಹೆಚ್ಚುವರಿ ಕೇಬಲ್‌ನ ಉದ್ದ ಕಳೆಯಬೇಕು.

ಜೋಡಿಸುವಾಗ ಮೊದಲು ರಕ್ಷಣಾ ಕೊಳವೆಯನ್ನು ಎಳೆಗೆ ಏರಿಸಬೇಕು. ಮರೆತರೆ ಬೆಸುಗೆ ಆದಮೇಲೆ ಕಡಿದು ಮತ್ತೆ ಮೊದಲಿನಿಂದ. ಲೇಪ ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಕ್ಲೀವರ್‌ನಿಂದ ತುದಿಯನ್ನು ನೇರ ಕತ್ತರಿಸುತ್ತಾರೆ. ಯಂತ್ರ ಎರಡು ತುದಿಗಳನ್ನು ಎದುರುಬದುರು ತಂದು ವಿದ್ಯುತ್ ಕಿಡಿಯಿಂದ ಕರಗಿಸಿ ಒಂದಾಗಿಸುತ್ತದೆ. ಒಳ್ಳೆಯ ಬೆಸುಗೆಯಲ್ಲಿ ನಷ್ಟ 0.05 ಡೆಸಿಬೆಲ್ ಒಳಗೇ. ಬಣ್ಣಕ್ಕೆ ಬಣ್ಣವೇ ಸೇರಬೇಕು: ನೀಲಿ, ಕಿತ್ತಳೆ, ಹಸಿರು, ಕಂದು ಹೀಗೆ 12 ಬಣ್ಣಗಳ ಕ್ರಮ. ತಪ್ಪಿದರೆ ನಿಮ್ಮೂರಿನ ಬೆಳಕು ಪಕ್ಕದೂರಿಗೆ ಹೋಗುತ್ತದೆ.

ಆ ಬೆಸುಗೆ ಯಂತ್ರ ಮೇಜಿನ ಮೇಲಿದೆ, ಸಾಲಾಗಿ ಬನ್ನಿ. ಎರಡು ನಿಯಮ. ಯಾವ ಫೈಬರ್‌ನ ತುದಿಯನ್ನೂ ಕಣ್ಣಿನ ಎದುರು ಹಿಡಿಯಬೇಡಿ. ಅವಕೆಂಪು ಲೇಸರ್ ಕಾಣುವುದಿಲ್ಲ, ಹಾಗಾಗಿ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದೂ ಇಲ್ಲ. ಕತ್ತರಿಸಿದ ಗಾಜಿನ ಚೂರು ನೆಲಕ್ಕೆ ಬೀಳಿಸಬೇಡಿ, ಚರ್ಮಕ್ಕೆ ಚುಚ್ಚಿದರೆ ತೆಗೆಯಲು ಕಾಣುವುದೇ ಕಷ್ಟ. ಚೂರುಗಳಿಗೆಂದೇ ಮುಚ್ಚಳದ ಡಬ್ಬಿ ಇಟ್ಟಿದ್ದೇವೆ. ಬೋಗುಣಿ, ಊಟದ ಡಬ್ಬಿ ಏನಿದ್ದರೂ ಆ ಮೇಜಿನಿಂದ ದೂರವಿರಲಿ.